ಕಾಗುಣಿತ ಬಾಯಿಪಾಠ ಬರುತ್ತೆ, ಪುಸ್ತಕ ಓದೋಕೆ ಬರಲ್ಲ. ಇದು ಡಿಸ್ಲೆಕ್ಸಿಯಾನಾ?

ಕೊಪ್ಪಳದ_ಅಪ್ಪ
ಎಲ್ಲರಿಗೂ ನಮಸ್ಕಾರ. ನನ್ನ ಮಗ ನಾಲ್ಕನೇ ಕ್ಲಾಸು, ಕನ್ನಡ ಮಾಧ್ಯಮ. ಲೆಕ್ಕದಲ್ಲಿ ಚುರುಕು, ಸಂತೆಗೆ ಕರೆದುಕೊಂಡು ಹೋದರೆ ಚಿಲ್ಲರೆ ಎಷ್ಟು ವಾಪಸ್ ಬರಬೇಕು ಅಂತ ನನಗಿಂತ ಮೊದಲು ಹೇಳುತ್ತಾನೆ. ಕಾಗುಣಿತ ಕೇಳಿದರೆ "ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ" ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತಾನೆ. ಆದರೆ ಪುಸ್ತಕ ಕೈಗೆ ಕೊಟ್ಟರೆ ಕಥೆ ಬೇರೆ.

ನಿನ್ನೆ ಒಂದು ಸಾಲು ಬರೆದು ಓದಿಸಿದೆ: "ರೈತನು ಪ್ರೀತಿಯಿಂದ ಎತ್ತುಗಳನ್ನು ಹೊಲದ ಮಾರ್ಗಕ್ಕೆ ತಂದನು." ಅವನು ಓದಿದ್ದು ಹೀಗೆ: "ರೈತನು... ಪೀರಿತಿ... ಯಿಂದ... ಎತು... ಗಳನು... ಹೊಲದ... ಮಾಗ್ರ... ಕೆ... ತಂದನು." ಮುಗಿಸಿದ ಮೇಲೆ ರೈತ ಏನು ಮಾಡಿದ ಅಂತ ಕೇಳಿದರೆ ಗೊತ್ತಿಲ್ಲ ಅಂದ. ಅದೇ ಸಾಲನ್ನು ನಾನು ಓದಿದರೆ ಪಟಾಪಟ್ ಉತ್ತರ.

ಸಾಲಿಯಲ್ಲಿ ಸೋಮಾರಿ ಅಂತಾರೆ. ಅಕ್ಷರ ಉಲ್ಟಾ ಬರೆಯಲ್ಲ, ಅದಕ್ಕೆ ಡಿಸ್ಲೆಕ್ಸಿಯಾ ಇರಲಿಕ್ಕಿಲ್ಲ ಅಂತ ನಮ್ಮ ತಮ್ಮ ಹೇಳುತ್ತಾನೆ. ಗೊತ್ತಿದ್ದವರು ಯಾರಾದರೂ ಹೇಳಿ.

ಸಿಂಧನೂರು_ಭತ್ತ
ಅಣ್ಣಾ, ಡಿಸ್ಲೆಕ್ಸಿಯಾ ಇಂಗ್ಲಿಷಿನ ರೋಗ. ಅಲ್ಲಿ ಬರೆಯೋದೊಂದು, ಓದೋದೊಂದು. ನಮ್ಮ ಕನ್ನಡ ಹೇಗೆ ಬರೀತೀವೋ ಹಾಗೇ ಓದೋದು. ಮೊಬೈಲ್ ಕಸಿದುಕೊಳ್ಳಿ, ಒಂದು ತಿಂಗಳಲ್ಲಿ ಸರಿ ಹೋಗುತ್ತಾನೆ.

ಹಳೇ_ಟೈಪಿಸ್ಟ್_ಬಳ್ಳಾರಿ
ನನ್ನ ಫೋನಿನಲ್ಲೂ ಇದೇ ತೊಂದರೆ. ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ ಕಾಣುತ್ತೆ. ಫಾಂಟ್ ಬದಲಾಯಿಸಿ ನೋಡಿ.

ಕೊಪ್ಪಳದ_ಅಪ್ಪ
ಸರ್, ನಾನು ಕೇಳಿದ್ದು ಹುಡುಗನ ಬಗ್ಗೆ, ಫೋನಿನ ಬಗ್ಗೆ ಅಲ್ಲ 🙂

ಹಳೇ_ಟೈಪಿಸ್ಟ್_ಬಳ್ಳಾರಿ
ಓಹ್. ಕನ್ನಡಕ ಹಾಕಿಕೊಳ್ಳದೆ ಓದಿಬಿಟ್ಟೆ. ಹುಡುಗನ ಕಣ್ಣೂ ಒಮ್ಮೆ ತೋರಿಸಿ ಮತ್ತೆ.

ವಾಕ್_ಶ್ರವಣ_ರಾಯಚೂರು
ನಾನು ಸ್ಪೀಚ್ ಥೆರಪಿಸ್ಟ್, ಓದಿನ ತೊಂದರೆ ಇರುವ ಮಕ್ಕಳು ದಿನಾ ಬರುತ್ತಾರೆ. ಭತ್ತದ ಅಣ್ಣ ಹೇಳಿದ್ದು ಅರ್ಧ ಸರಿ. ಕನ್ನಡದಲ್ಲಿ ಅಕ್ಷರ ಗೊತ್ತಿದ್ದರೆ ಉಚ್ಚಾರ ಊಹೆ ಮಾಡಬೇಕಾಗಿಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ಕಾಣುವಂಥ ಹುಚ್ಚಾಪಟ್ಟೆ ತಪ್ಪು ಇಲ್ಲಿ ಕಡಿಮೆ. ಆದರೆ ತೊಂದರೆ ಹೋಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ಇಲ್ಲಿ ಅದು ಮುಖ್ಯವಾಗಿ ಕಾಣೋದು ನಿಧಾನದಲ್ಲಿ, ಆಮೇಲೆ ಗುಣಿತದ ಚಿಹ್ನೆ ಮತ್ತು ಒತ್ತಕ್ಷರದಲ್ಲಿ. ಅಕ್ಷರ ಉಲ್ಟಾ ಬರೆಯೋದು ಸಿನಿಮಾದಿಂದ ಬಂದ ನಂಬಿಕೆ, ಅದನ್ನು ನೋಡಿಕೊಂಡು ಕೂತರೆ ಕನ್ನಡದ ಮಕ್ಕಳು ಯಾರೂ ಸಿಗಲ್ಲ.

ನಿಮ್ಮ ಮಗ ಮಾಡಿದ ತಪ್ಪುಗಳನ್ನೇ ನೋಡಿ. "ಪ್ರೀ" ಅನ್ನೋದರಲ್ಲಿ ಪ ಮೇಲಿದೆ, ರ ಒತ್ತು ಕೆಳಗಿದೆ, ಗುಡಿಸು ಪ ಮೇಲೆ ಕೂತಿದೆ, ಅದರ ದೀರ್ಘ ಬಲಗಡೆ ಕೊನೆಗಿದೆ. ಬಾಯಲ್ಲಿ ಮಾತ್ರ ಪ್, ರ್, ಆಮೇಲೆ ಈ. ಅಂದರೆ ಕಣ್ಣು ಮೇಲೆ ನೋಡಿ, ಕೆಳಗಿಳಿದು, ಮತ್ತೆ ಮೇಲೆ ಹತ್ತಿ ಸ್ವರ ತೆಗೆದುಕೊಂಡು ಬರಬೇಕು. ಅವನು ಕಂಡ ಕ್ರಮದಲ್ಲೇ ಓದಿದ, ಪ ಜೊತೆಗಿನ ಸ್ವರ ಮೊದಲು ಹೇಳಿದ, ಒತ್ತು ಆಮೇಲೆ: ಪೀರಿತಿ. "ಮಾರ್ಗ"ದಲ್ಲಿ ಇದು ಉಲ್ಟಾ. ಅರ್ಕಾವತ್ತು ಗ ಆದ ಮೇಲೆ ಬರೀತೀವಿ, ಓದೋದು ಗ ಗಿಂತ ಮೊದಲು. ಅಲ್ಲೂ ಅವನು ಕಂಡ ಕ್ರಮದಲ್ಲೇ ಹೋದ, ಮಾಗ್ರ ಆಯಿತು. ಎರಡೂ ಒಂದೇ ಜಾತಿಯ ತಪ್ಪು. ಸೋಮಾರಿ ಹುಡುಗ ಇಷ್ಟು ನಿಯಮಬದ್ಧವಾಗಿ ತಪ್ಪು ಮಾಡಲ್ಲ.

ಆದರೆ ಇಷ್ಟರಿಂದಲೇ ಡಿಸ್ಲೆಕ್ಸಿಯಾ ಅಂತ ಹೇಳೋಕೆ ಬರಲ್ಲ. ಮೊದಲು ಕಣ್ಣು, ಕಿವಿ ಎರಡೂ ತೋರಿಸಿ. ಟೈಪಿಸ್ಟ್ ಸರ್ ಗೊತ್ತಿಲ್ಲದೇ ಸರಿಯಾದ ಸಲಹೆನೇ ಕೊಟ್ಟಿದ್ದಾರೆ.

ದೇವದುರ್ಗ_ಟೀಚರ್
ನಾನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಂಥ ಮಾತು ಕೇಳಿ ತಂದೆತಾಯಿ ಹೆದರಿ ಆಸ್ಪತ್ರೆಗೆ ಓಡುತ್ತಾರೆ. ನನ್ನ ನಾಲ್ಕನೇ ಕ್ಲಾಸಿಗೆ ಬನ್ನಿ, ಅರ್ಧ ಮಕ್ಕಳು ಮಾರ್ಗವನ್ನು ಮಾಗ್ರ ಅಂತಾನೇ ಓದುತ್ತಾರೆ. ಅವರಿಗೆಲ್ಲ ಡಿಸ್ಲೆಕ್ಸಿಯಾನಾ? ಹತ್ತಿ ಬಿಡಿಸೋ ಕಾಲಕ್ಕೆ ಮಕ್ಕಳು ವಾರಗಟ್ಟಲೆ ಬರಲ್ಲ. ಅದಕ್ಕೂ ಮೊದಲು ನಲಿಕಲಿಯಲ್ಲಿ ಒಂದರಿಂದ ಮೂರರ ತನಕ ಮೂರು ಕ್ಲಾಸು ಒಂದೇ ಕೋಣೆಯಲ್ಲಿ, ನಾನೊಬ್ಬಳೇ. ಒತ್ತಕ್ಷರದ ಮೆಟ್ಟಿಲಿಗೆ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತೆ. ಕಲಿಸದೇ ಇದ್ದದ್ದನ್ನು ರೋಗ ಅನ್ನಬಾರದು.

ವಾಕ್_ಶ್ರವಣ_ರಾಯಚೂರು
ಟೀಚರ್ ಮೇಡಂ, ಈ ಮಾತಿಗೆ ನನ್ನ ಜಗಳ ಇಲ್ಲ. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅನ್ನೋರು ಕನ್ನಡ ಕಲಿಯೋ ಮಕ್ಕಳ ಮೇಲೆ ಮಾಡಿದ ಕೆಲಸ 2007ರಲ್ಲಿ ಪ್ರಕಟವಾಗಿದೆ. ಇಂಗ್ಲಿಷಿನ 26 ಅಕ್ಷರದ ಹಾಗೆ ಇಲ್ಲಿ ಅಕ್ಷರ ಕಲಿಯೋದು ಒಂದೆರಡು ವರ್ಷಕ್ಕೆ ಮುಗಿಯಲ್ಲ, ನಾಲ್ಕನೇ ಕ್ಲಾಸಿನಲ್ಲೂ ನಡೀತಾನೇ ಇರುತ್ತೆ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಒತ್ತಕ್ಷರ ತಪ್ಪೋದು ಅದೊಂದೇ ದೊಡ್ಡ ಸುಳಿವಲ್ಲ. ಕಲಿಸಿದ ಮೇಲೂ ಕೂರುತ್ತಾ ಇಲ್ವಾ ಅನ್ನೋದು ಸುಳಿವು.

ಸಿರುಗುಪ್ಪ_ರೆಡ್ಡಿ
ನಮ್ಮ ಮನೆಯಲ್ಲಿ ತೆಲುಗು, ಸಾಲಿಯಲ್ಲಿ ಕನ್ನಡ. ನನ್ನ ಮಗಳಿಗೂ ಅರ್ಕಾವತ್ತು ಬರ್ತಾ ಇರಲಿಲ್ಲ. ಆಮೇಲೆ ಗೊತ್ತಾಯಿತು, ಅವಳು ಅಜ್ಜಿ ಹತ್ತಿರ ತೆಲುಗು ಓದೋಕೆ ಕಲಿತಿದ್ದಾಳೆ. ತೆಲುಗಿನಲ್ಲಿ ಈಗ ಕರ್ಮ ಅಂತ ಬರೆಯುವಾಗ ರ ಮೊದಲು ಬರೆದು ಕೆಳಗೆ ಮ ಒತ್ತು ಕೊಡುತ್ತಾರೆ, ಓದೋ ಕ್ರಮದಲ್ಲೇ. ಕನ್ನಡದಲ್ಲಿ ಹಿಂದೆ ಮುಂದೆ. ಎರಡು ಲಿಪಿ ನೋಡೋಕೆ ಅಕ್ಕತಂಗಿ, ಇಲ್ಲಿ ಮಾತ್ರ ಕೈಕೊಡುತ್ತೆ. ಒಂದು ಸಲ ಕೂರಿಸಿ ತೋರಿಸಿದೆ, ಸರಿ ಹೋಯಿತು.

ಶಾಸನ_ಹುಚ್ಚ
ಕನ್ನಡದಲ್ಲೂ ರ ಮೊದಲು ಬರೆದು ಕೆಳಗೆ ಒತ್ತು ಕೊಡಬಹುದು ಸ್ವಾಮಿ. ಕರ‍್ಮ, ಮಾರ‍್ಗ ಹೀಗೆ. ಈಗಲೂ ಕೆಲವರು ಹೀಗೇ ಬರೀತಾರೆ. ಅರ್ಕಾವತ್ತು ತೆಗೆದುಹಾಕಿದರೆ ಮಕ್ಕಳ ಅರ್ಧ ಕಷ್ಟ ಮುಗಿಯುತ್ತೆ. ಮಹಾಪ್ರಾಣನೂ ತೆಗೆದುಬಿಡಿ.

ಬಳ್ಳಾರಿ_ಪಂಡಿತ
ಶುರುವಾಯಿತು ನೋಡಿ. ಮಕ್ಕಳಿಗೆ ಕಷ್ಟ ಅಂತ ಭಾಷೆ ಕತ್ತರಿಸೋದಾ? ನಾವೆಲ್ಲ ಕಲಿಯಲಿಲ್ವಾ?

ಶಾಸನ_ಹುಚ್ಚ
ನೀವು ಕಲಿತಿರಿ. ನಿಮ್ಮ ಜೊತೆ ಕೂತವರಲ್ಲಿ ಎಷ್ಟು ಜನ ಸಾಲಿ ಬಿಟ್ಟರು ಅಂತ ಲೆಕ್ಕ ಇಟ್ಟಿದ್ದೀರಾ?

ದೇವದುರ್ಗ_ಟೀಚರ್
ಮಹಾಪ್ರಾಣದ ಮಾತು ಬಂತಲ್ಲ, ಅದನ್ನು ತಪ್ಪು ಅಂತ ಹಿಡಿಯಬೇಡಿ ಯಾರೂ. ನಮ್ಮ ಕಡೆ ಮನೆಯಲ್ಲಿ ಎಲ್ಲರೂ ಭಾರತಕ್ಕೆ "ಬಾರತ", ಧನಕ್ಕೆ "ದನ" ಅಂತಾನೇ ಅನ್ನೋದು. ಭಾರತವನ್ನು ಬಾರತ ಅಂತ ಓದಿದ ಹುಡುಗ ಸರಿಯಾಗೇ ಓದಿದ್ದಾನೆ, ತನ್ನ ಬಾಯಲ್ಲಿ ಹೇಳಿದ್ದಾನೆ ಅಷ್ಟೇ. ಹೊರಗಿನಿಂದ ಬಂದು ಪರೀಕ್ಷೆ ಮಾಡೋರು ಇದನ್ನೂ ತಪ್ಪಿನ ಲೆಕ್ಕಕ್ಕೆ ಸೇರಿಸಿದ್ದು ನೋಡಿದ್ದೇನೆ.

ವಾಕ್_ಶ್ರವಣ_ರಾಯಚೂರು
ನೂರಕ್ಕೆ ನೂರು ನಿಜ. ಮನೆ ಮಾತಿನಲ್ಲಿ ಇಲ್ಲದ ವ್ಯತ್ಯಾಸವನ್ನು ತಪ್ಪು ಅಂತ ಎಣಿಸಬಾರದು. ಆದರೆ ದೀರ್ಘದ ವಿಷಯ ಹಾಗಲ್ಲ. ಬೆಳೆ, ಬೇಳೆ ವ್ಯತ್ಯಾಸ ರಾಯಚೂರಿನ ಕೂಸಿಗೂ ಬಾಯಲ್ಲಿ ಗೊತ್ತು. ಓದುವಾಗ ಮಾತ್ರ ತಪ್ಪಿದರೆ ಅದನ್ನು ಬರೆದಿಟ್ಟುಕೊಳ್ಳಬೇಕು.

ಕೊಪ್ಪಳದ ಅಣ್ಣ, ಮನೆಯಲ್ಲೇ ಎರಡು ಕೆಲಸ ಮಾಡಿ. ಒಂದು, ಕಾಗುಣಿತವನ್ನು ಸಾಲಾಗಿ ಕೇಳಬೇಡಿ. ಅದು ಹಾಡು, ಓದಲ್ಲ. ರಟ್ಟಿನ ಚೂರುಗಳ ಮೇಲೆ ಕೀ, ಮೊ, ಪು, ತೇ, ಗೂ, ಬೋ, ಸೆ ಅಂತ ಬರೆದು ಕಲಸಿ, ಒಂದೊಂದೇ ತೋರಿಸಿ. ಒಳಗೊಳಗೇ "ಕ ಕಾ ಕಿ" ಅಂತ ಮೊದಲಿನಿಂದ ಎಣಿಸಿಕೊಂಡು ಕೀ ತನಕ ಬರುತ್ತಾನಾ ಅಂತ ಬಾಯಿ ನೋಡಿ. ಎರಡು, ಅರ್ಥ ಇಲ್ಲದ ಪದ ಓದಿಸಿ. ಮುಲಿಟ, ಕೀಸೋಡೆ, ದ್ರೂಣಿ, ಲರ್ಪ ಇಂಥವು. ಗೊತ್ತಿರುವ ಪದವನ್ನು ಮಕ್ಕಳು ಚಿತ್ರದ ಹಾಗೆ ನೆನಪಿಟ್ಟು ಹೇಳಿಬಿಡುತ್ತಾರೆ, ಸುಳ್ಳು ಪದದಲ್ಲಿ ಆ ದಾರಿ ಇಲ್ಲ. ಅವನು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ, ಬೈಯಬೇಡಿ.

ಲಾರಿ_ಹೊಸಪೇಟೆ_ರೋಡ್
ಇದನ್ನೆಲ್ಲ ಓದಿ ಮೈ ಜುಂ ಅಂತು. ಓದಿ ಅಂದರೆ ಫೋನು ಓದಿ ಹೇಳಿತು, ಈಗಲೂ ಬಾಯಲ್ಲಿ ಹೇಳಿ ಟೈಪ್ ಮಾಡಿಸ್ತಾ ಇದ್ದೀನಿ. ನನಗೆ ನಲವತ್ತು ದಾಟಿದೆ. ಏಳನೇ ಕ್ಲಾಸಿಗೆ ಬಿಟ್ಟೆ. ಬೋರ್ಡಿನಲ್ಲಿ ಊರ ಹೆಸರು ಒಂದೊಂದು ಅಕ್ಷರ ಓದಲ್ಲ ನಾನು, ಇಡೀ ಹೆಸರಿನ ಆಕಾರ ಗೊತ್ತು. ಕುಷ್ಟಗಿ ಅಂದರೆ ನಡುವೆ ಕೆಳಗೆ ಒಂದು ಬಾಲ. ಮಸ್ಕಿಗೂ ಕೆಳಗೆ ಬಾಲ, ಆದರೆ ಚಿಕ್ಕ ಹೆಸರು. ಹೊಸ ಊರಿನ ಬೋರ್ಡು ಬಂದರೆ ಗಾಡಿ ನಿಲ್ಲಿಸಿ ಕೇಳೋದೇ. ಮಾಸ್ತರು ಬಾರಿಸಿ ಬಾರಿಸಿ ಕೈ ನೋಯಿಸಿಕೊಂಡರು, ಒತ್ತಕ್ಷರ ಮಾತ್ರ ಬರಲಿಲ್ಲ. ಇದಕ್ಕೊಂದು ಹೆಸರು ಇದೆ ಅಂತಾನೇ ಗೊತ್ತಿರಲಿಲ್ಲ.

ಸಿಂಧನೂರು_ಭತ್ತ
ಲಾರಿ ಅಣ್ಣಾ, ನಿಮ್ಮ ಕಾಲದಲ್ಲಿ ಮೊಬೈಲ್ ಇರಲಿಲ್ಲ ಅಲ್ವಾ. ಸರಿ, ನನ್ನ ಮಾತು ಅರ್ಧ ವಾಪಸ್ ತಗೋತೀನಿ.

ಬಳ್ಳಾರಿ_ಪಂಡಿತ
ಅರ್ಧನಾ 😀

ಗಂಗಾವತಿ_ಅಮ್ಮ
ನನ್ನ ಮಗಳ ಅಕ್ಷರ ಕೋಳಿ ಕಾಲಿನ ಹಾಗೆ ಇದೆ, ಓದೋದು ಚೆನ್ನಾಗಿ ಓದುತ್ತಾಳೆ. ಇದೂ ಡಿಸ್ಲೆಕ್ಸಿಯಾನಾ?

ವಾಕ್_ಶ್ರವಣ_ರಾಯಚೂರು
ಇಲ್ಲ ಅಕ್ಕಾ. ಚೆನ್ನಾಗಿ ಓದಿದರೆ ಇದಲ್ಲ. ಬರವಣಿಗೆಯದು ಬೇರೆ ವಿಷಯ, ಬೇರೆ ಚರ್ಚೆ ಶುರು ಮಾಡಿ.

ಕೊಪ್ಪಳದ_ಅಪ್ಪ
ಎರಡೂ ಮಾಡಿ ನೋಡಿದೆ. ಕಣ್ಣು, ಕಿವಿ ಸರಿ ಇವೆ ಅಂದರು.

ರಟ್ಟಿನ ಆಟದಲ್ಲಿ ಕಾ, ಗೂ, ಸಿ ಥರದ್ದು ಬೇಗ ಹೇಳಿದ. ಕೀ ತೋರಿಸಿದಾಗ ತುಟಿ ಅಲುಗಾಡಿತು, ನೀವು ಹೇಳಿದ ಹಾಗೇ ಮೊದಲಿನಿಂದ ಎಣಿಸಿಕೊಂಡು ಬಂದ. ತೇ ತೋರಿಸಿದರೆ ತೆ ಅಂದ, ಬೋ ತೋರಿಸಿದರೆ ಬೊ. ಮೊ ಗೆ ಸುಮ್ಮನೆ ನನ್ನ ಮುಖ ನೋಡಿದ. ಸುಳ್ಳು ಪದಗಳಲ್ಲಿ ಮುಲಿಟ ಸರಿ ಹೇಳಿದ. ಕೀಸೋಡೆ ಕಿಸೊಡೆ ಆಯಿತು. ದ್ರೂಣಿ ದೂರಣಿ ಆಯಿತು. ಲರ್ಪ ಲಪ್ರ. ವಿಚಿತ್ರ ಅಂದರೆ ಸೂರ್ಯ, ಕರ್ನಾಟಕ ಎರಡೂ ಸರಿಯಾಗಿ ಓದಿದ.

ವಾಕ್_ಶ್ರವಣ_ರಾಯಚೂರು
ವಿಚಿತ್ರ ಏನಿಲ್ಲ. ಆ ಎರಡು ಪದ ದಿನಾ ಕಣ್ಣಿಗೆ ಬೀಳುತ್ತವೆ, ಇಡಿಯಾಗಿ ಗುರುತು ಹಿಡಿದಿದ್ದಾನೆ, ಲಾರಿ ಅಣ್ಣ ಕುಷ್ಟಗಿ ಹಿಡಿದ ಹಾಗೆ. ಲರ್ಪದಲ್ಲಿ ನಿಜ ಹೊರಬಿತ್ತು.

ತೇ ತೆ ಆಗಿದ್ದು, ಬೋ ಬೊ ಆಗಿದ್ದು, ಕೀಸೋಡೆಯಲ್ಲಿ ಕೀ ಕಿ ಆಗಿದ್ದು ಮೂರನ್ನೂ ಒಟ್ಟಿಗೆ ನೋಡಿ. ಕೀ, ಕೇ, ಕೋ ಮೂರರಲ್ಲೂ ದೀರ್ಘ ಅನ್ನೋದು ಬಲಗಡೆ ಕೊನೆಗೆ ಅಂಟಿಸಿದ ಅದೇ ಒಂದು ಕೊಂಡಿ. ಅದನ್ನೊಂದು ಕೈಬಿಟ್ಟರೆ ಮೂರೂ ಹ್ರಸ್ವ ಆಗುತ್ತವೆ. ಕಾ, ಗೂ ನಲ್ಲಿ ದೀರ್ಘಕ್ಕೆ ಬೇರೆ ರೂಪ ಇದೆ, ಅಲ್ಲಿ ತಪ್ಪಿಲ್ಲ. ಅಂದರೆ ಅವನಿಗೆ ದೀರ್ಘ ಅನ್ನೋ ವಿಷಯ ಗೊತ್ತು, ಆ ಕೊಂಡಿ ಮಾತ್ರ ಓದಿನ ಓಟದಲ್ಲಿ ಜಾರಿ ಹೋಗ್ತಾ ಇದೆ. ಮೊ ಬೇರೆ ಕಥೆ. ಮ, ಯ ಗಳಲ್ಲಿ ಒತ್ವ ಬರೆಯೋ ರೀತಿ ಉಳಿದ ಅಕ್ಷರಗಳ ಹಾಗಿಲ್ಲ, ಅದನ್ನು ಬೇರೆಯಾಗಿ ಕಲಿಸಬೇಕು.

ಈಗ ಟೀಚರ್ ಮೇಡಂ ಪ್ರಶ್ನೆಗೆ ಉತ್ತರ ಸಿಗೋ ದಾರಿ ಇದು. ಅರ್ಕಾವತ್ತಿನ ನಿಯಮ ಒಂದನ್ನೇ ಕಲಿಸಿ. ಪೆನ್ಸಿಲಿನಿಂದ ಬಾಣ ಹಾಕಿ, ಅರ್ಕಾವತ್ತು ಕಂಡ ಕೂಡಲೇ ಹಿಂದಕ್ಕೆ ಹಾರು ಅಂತ. ಹಾಗೇ ಕೀ, ಕೇ, ಕೋ ಗಳ ಕೊಂಡಿಗೆ ಕೆಂಪು ಬಣ್ಣ. ದಿನಕ್ಕೆ 15 ನಿಮಿಷ ಸಾಕು. ಹೊಸ ಹೊಸ ಪದ, ಅದರಲ್ಲಿ ಸ್ವಲ್ಪ ಸುಳ್ಳು ಪದ. ಹತ್ತು ಸಲ ಕಾಪಿ ಬರೆಸಬೇಡಿ, ಕಾಪಿ ಬರೆಯೋನು ಓದಲ್ಲ, ಗೆರೆ ಎಳೀತಾನೆ. ಕೆಲವು ವಾರದಲ್ಲಿ ತಪ್ಪು ಹೋಗಿ ವೇಗವೂ ಬಂದರೆ ಕಲಿಸದೇ ಇದ್ದದ್ದೇ ಕಾರಣ. ನಿಯಮ ಬಾಯಲ್ಲಿ ಹೇಳುತ್ತಾನೆ, ನಿಧಾನಕ್ಕೆ ಸರಿಯಾಗಿ ಓದುತ್ತಾನೆ, ಆದರೆ ವೇಗ ಬರ್ತಾ ಇಲ್ಲ, ಸುಸ್ತಾದ ಕೂಡಲೇ ಮತ್ತೆ ಹಳೇ ತಪ್ಪು ಅಂತಾದರೆ ಪರೀಕ್ಷೆ ಮಾಡಿಸಲೇಬೇಕು.

ಯರಗೇರಾ_ಬಿಎಡ್
ನಮಗೆ ಕೋರ್ಸಿನಲ್ಲಿ ಧ್ವನಿ ಬಿಡಿಸೋ ಪರೀಕ್ಷೆ ಹೇಳಿಕೊಟ್ಟಿದ್ದಾರೆ. "ಕಿ"ಯಲ್ಲಿ ಕ್ ತೆಗೆದರೆ ಏನು ಉಳಿಯುತ್ತೆ ಅಂತ ಕೇಳಬೇಕು. ನಾನು ಎರಡನೇ ಕ್ಲಾಸಿನ ಮಕ್ಕಳಿಗೆ ಕೇಳಿದೆ, ಯಾರಿಗೂ ಬರಲಿಲ್ಲ. ಹಾಗಾದರೆ ಎಲ್ಲರಿಗೂ ತೊಂದರೆ ಇದೆ ಅಂತ ಅಲ್ವಾ?

ವಾಕ್_ಶ್ರವಣ_ರಾಯಚೂರು
ಅಲ್ಲ. ಆ ಪ್ರಶ್ನೆ ಇಂಗ್ಲಿಷಿನ ಪುಸ್ತಕದಿಂದ ಹಾಗೇ ಎತ್ತಿಕೊಂಡದ್ದು. ಅಲ್ಲಿ ಕ್ ಗೂ ಇ ಗೂ ಬೇರೆ ಬೇರೆ ಅಕ್ಷರ ಇವೆ, ಮಗು ದಿನಾ ಬಿಡಿಸಿ ನೋಡುತ್ತೆ. ನಮ್ಮಲ್ಲಿ ಕಿ ಅನ್ನೋದು ಒಂದೇ ಗಂಟು. ಚೆನ್ನಾಗಿ ಓದೋ ಕನ್ನಡದ ಮಕ್ಕಳಿಗೂ ಅದನ್ನು ಬಿಡಿಸೋ ಶಕ್ತಿ ತಡವಾಗಿ ಬರುತ್ತೆ. ಸಣ್ಣ ಕ್ಲಾಸಿಗೆ "ಮರ, ಮ ತೆಗೆದರೆ?" ಅಂತ ಕೇಳಿ. ಅಥವಾ "ಕಮಲ ಹಿಂದೆ ಮುಂದೆ ಹೇಳು" ಅನ್ನಿ. ಅದೂ ಬರದಿದ್ದರೆ ಯೋಚನೆ ಮಾಡಿ.

ದೇವದುರ್ಗ_ಟೀಚರ್
ಇದು ನನಗೂ ಹೊಸದು. ನಲಿಕಲಿಯಲ್ಲಿ ರ ಗ ಸ ದ ಅ ಅಂತ ಆಕಾರ ಹೋಲೋ ಅಕ್ಷರ ಒಟ್ಟಿಗೆ ಕಲಿಸುತ್ತೀವಲ್ಲ, ಬರೆಯೋಕೆ ಅದು ಸುಲಭ. ಆದರೆ ಇಂಥ ಮಕ್ಕಳಿಗೆ ಒಂದರ ಹಾಗೆ ಇನ್ನೊಂದು ಇದ್ದರೆ ಗೊಂದಲ ಜಾಸ್ತಿ ಆಗಲ್ವಾ? ವ, ಮ, ಪ, ಷ ಗಳನ್ನು ಒಬ್ಬ ಹುಡುಗಿ ಮೂರು ವರ್ಷದಿಂದ ಒಂದಕ್ಕೊಂದು ಕಲಸ್ತಾ ಇದ್ದಾಳೆ.

ವಾಕ್_ಶ್ರವಣ_ರಾಯಚೂರು
ಅಂಥ ಒಬ್ಬಿಬ್ಬರಿಗೆ ನಾನು ಹೋಲೋ ಅಕ್ಷರಗಳನ್ನು ದೂರ ದೂರ ಇಟ್ಟು ಕಲಿಸುತ್ತೇನೆ. ವ ಪೂರ್ತಿ ಕೂತ ಮೇಲೆ ಮ. ಇಡೀ ಕ್ಲಾಸಿಗೆ ಕ್ರಮ ಬದಲಾಯಿಸಬೇಕು ಅಂತ ಹೇಳೋ ಧೈರ್ಯ ನನಗಿಲ್ಲ.

ಕೊಪ್ಪಳದ_ಅಪ್ಪ
ತಡವಾಗಿ ಬರೀತಾ ಇದ್ದೀನಿ, ಕ್ಷಮಿಸಿ. ಬಾಣದ ಆಟ ಕೆಲಸ ಮಾಡಿತು. ಅರ್ಕಾವತ್ತು ಈಗ ಬಹಳ ಮಟ್ಟಿಗೆ ಸರಿ ಓದುತ್ತಾನೆ, ಸುಳ್ಳು ಪದದಲ್ಲೂ. ಆದರೆ ಪ್ರತಿ ಸಲ ನಿಂತು, ಬೆರಳಿಟ್ಟು, ಹಿಂದೆ ಹೋಗಿ, ಮುಂದೆ ಬಂದು ಓದುತ್ತಾನೆ. ಮೊದಲ ಎರಡು ಸಾಲು ಸರಿ, ಮೂರನೇ ಸಾಲಿಗೆ ಬೇಳೆ ಬೆಳೆ ಆಗಿರುತ್ತೆ. ಬಾಯಲ್ಲಿ ಕೊಡು, ಕೋಡು ಬೇರೇನಾ ಅಂದರೆ ನಗುತ್ತಾನೆ, "ಎತ್ತಿಗೆ ಇರೋದು ಕೋಡು" ಅಂತ. ಮಾತಿನಲ್ಲಿ ಗೊಂದಲವೇ ಇಲ್ಲ. ವೇಗ ಅಂತೂ ಒಂದಿಷ್ಟೂ ಏರಿಲ್ಲ. ಪಕ್ಕದ ಮನೆ ಹುಡುಗಿಗೂ ಇದೇ ಆಟ ಆಡಿಸಿದೆ, ಅದೇ ಕ್ಲಾಸು. ಅವಳಿಗೂ ಮೊದಲು ಮಾಗ್ರನೇ ಬರ್ತಾ ಇದ್ದದ್ದು, ಒಂದು ವಾರದಲ್ಲಿ ಸರಸರ ಓದೋಕೆ ಶುರು ಮಾಡಿದಳು.

ವಾಕ್_ಶ್ರವಣ_ರಾಯಚೂರು
ಪಕ್ಕದ ಮನೆ ಹುಡುಗಿ ಟೀಚರ್ ಮೇಡಂ ಹೇಳಿದ ಪೈಕಿ, ನಿಮ್ಮ ಮಗ ಬಹುಶಃ ಅಲ್ಲ. ಪರೀಕ್ಷೆ ಮಾಡಿಸಿ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಮಾಡಿದ ಡಾಲಿ ಅನ್ನೋ ಪರೀಕ್ಷೆ ಕನ್ನಡದಲ್ಲೂ ಇದೆ. ನಿಮಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರ. ಹೋಗುವಾಗ ಒಂದೇ ಮಾತು ಕೇಳಿ, ಓದಿಸೋದು ಕನ್ನಡದಲ್ಲಾ ಇಂಗ್ಲಿಷಿನಲ್ಲಾ ಅಂತ. ಕನ್ನಡ ಮಾಧ್ಯಮದ ಹುಡುಗನಿಗೆ ಇಂಗ್ಲಿಷ್ ಪಟ್ಟಿ ಓದಿಸಿ ವರದಿ ಬರೆದದ್ದನ್ನು ನಾನು ನೋಡಿದ್ದೇನೆ, ಅಂಥ ವರದಿಗೆ ಬೆಲೆ ಇಲ್ಲ. ನೀವು ಬರೆದಿಟ್ಟ ತಪ್ಪುಗಳ ಹಾಳೆ ತಗೊಂಡು ಹೋಗಿ, ನಮಗೆ ಅದು ಬಂಗಾರ.

ಬಳ್ಳಾರಿ_ಪಂಡಿತ
ಸರ್ಟಿಫಿಕೇಟ್ ತಂದು ಏನು ಮಾಡೋದು? ಹುಡುಗನ ಹಣೆಗೆ ಅಂಗವಿಕಲ ಅಂತ ಪಟ್ಟಿ ಅಂಟಿಸಿದ ಹಾಗೆ.

ದೇವದುರ್ಗ_ಟೀಚರ್
2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ ಸರ್. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಎಂಟು ವರ್ಷಕ್ಕಿಂತ ಸಣ್ಣವರಿಗೆ ಸಾಮಾನ್ಯವಾಗಿ ಕೊಡಲ್ಲ, ಇವರ ಮಗನಿಗೆ ವಯಸ್ಸಾಗಿದೆ. ನಿಧಾನ ಓದೋ ಹುಡುಗನಿಗೆ ಪ್ರಶ್ನೆಪತ್ರಿಕೆ ಓದಿ ಮುಗಿಸೋಕೇ ಸಮಯ ಬೇಕು. ಬ್ಲಾಕಿನಲ್ಲಿ ಇಂಥ ಮಕ್ಕಳಿಗೆ ಅಂತಾನೇ ಬಿಐಇಆರ್‌ಟಿ ಅನ್ನೋ ಟೀಚರ್ ಇರುತ್ತಾರೆ, ಅವರನ್ನು ಮೊದಲು ಕೇಳಿ, ಕಾಗದಪತ್ರ ಅವರಿಗೆ ಗೊತ್ತು.

ಸಿಂಧನೂರು_ಭತ್ತ
ಇಂಗ್ಲಿಷ್ ಮೀಡಿಯಂಗೆ ಹಾಕಿಬಿಟ್ಟರೆ? ಬರೀ 26 ಅಕ್ಷರ, ಒತ್ತು ಇಲ್ಲ, ದೀರ್ಘ ಇಲ್ಲ.

ವಾಕ್_ಶ್ರವಣ_ರಾಯಚೂರು
ಅಣ್ಣಾ, ಮೊದಲು ನೀವೇ ಅಂದಿರಿ, ಅಲ್ಲಿ ಬರೆಯೋದೊಂದು ಓದೋದೊಂದು ಅಂತ. ಕನ್ನಡದಲ್ಲಿ ನಿಧಾನಕ್ಕಾದರೂ ಸರಿ ಓದೋ ಹುಡುಗ ಅಲ್ಲಿ ನಿಧಾನವೂ ಹೌದು, ತಪ್ಪೂ ಹೌದು.

ಗಂಗಾವತಿ_ಅಮ್ಮ
ನನ್ನ ಅಣ್ಣನ ಮಗನನ್ನು ಹಾಗೇ ಬದಲಾಯಿಸಿದರು, ಈಗ ಖುಷಿಯಾಗಿದ್ದಾನೆ. ಎಲ್ಲರಿಗೂ ಒಂದೇ ಅಲ್ಲ.

ವಾಕ್_ಶ್ರವಣ_ರಾಯಚೂರು
ಇರಬಹುದು ಅಕ್ಕಾ. ಅವನಿಗೆ ಏನು ತೊಂದರೆ ಇತ್ತು ಅಂತ ನೋಡದೆ ನಾನು ಏನೂ ಹೇಳಲಾರೆ.

ಲಾರಿ_ಹೊಸಪೇಟೆ_ರೋಡ್
ಮೇಡಂ, ಈ ಬಾಣದ ಆಟ ನಲವತ್ತು ದಾಟಿದವರಿಗೂ ನಡೆಯುತ್ತಾ? ನನ್ನ ಮಗಳು ಆರನೇ ಕ್ಲಾಸು, ಕಲಿಸ್ತೀನಿ ಅಂತಾಳೆ.

ವಾಕ್_ಶ್ರವಣ_ರಾಯಚೂರು
ನಡೆಯುತ್ತೆ. ತಪ್ಪು ಕಡಿಮೆಯಾಗುತ್ತೆ, ವೇಗದ ಭರವಸೆ ಕೊಡಲ್ಲ. ಕುಷ್ಟಗಿ, ಮಸ್ಕಿ ಬಿಟ್ಟು ನಿಮಗೆ ಗೊತ್ತಿಲ್ಲದ ಊರ ಹೆಸರಿನಿಂದ ಶುರು ಮಾಡಿ.

ಕೊಪ್ಪಳದ_ಅಪ್ಪ
ಧಾರವಾಡಕ್ಕೆ ಮುಂದಿನ ವಾರ ಹೊರಟಿದ್ದೇವೆ. ಅಲ್ಲಿ ಒಂದೇ ದಿನದಲ್ಲಿ ಮುಗಿಯುತ್ತಾ, ಉಳಿದುಕೊಳ್ಳಬೇಕಾಗುತ್ತಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.